ಐದು ಪದಗಳಿಗೆ ಹನ್ನೊಂದು ನೋಡ್

ಮನ, ಮನೆ, ಮನೆತನ, ಮಳೆ, ಮಳೆಗಾಲ. ಈ ಐದು ಪದಗಳನ್ನು ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಬರೆದಿಟ್ಟರೆ ಅಕ್ಷರಗಳಿಗೆ ಬೇಕಾಗುವ ಜಾಗ 57 ಬೈಟ್. ಅವನ್ನೇ ‘ಟ್ರೈ’ ಎಂಬ ರಚನೆಯಲ್ಲಿ, ಅದೂ ಪಠ್ಯಪುಸ್ತಕಗಳಲ್ಲಿ ತೋರಿಸುವ ಸರಳ ರೀತಿಯಲ್ಲಿ ಇಟ್ಟರೆ 11,352 ಬೈಟ್ ಬೇಕು. ಹೆಚ್ಚುಕಡಿಮೆ ಇನ್ನೂರು ಪಟ್ಟು! ಇಷ್ಟೊಂದು ದುಂದು ಮಾಡಿ ಪಡೆಯುವುದಾದರೂ ಏನು? ಆ ಜಾಗವನ್ನು ಕೇಳಿ ಪಡೆಯುವುದು ಹೇಗೆ? ಕೆಲಸ ಮುಗಿದ ಮೇಲೆ ಮರಳಿಸುವುದು ಹೇಗೆ? ಹೊಸಬರು ಹೆಚ್ಚಾಗಿ ಎಡವುವುದು ಈ ಕೊನೆಯ ಪ್ರಶ್ನೆಯಲ್ಲೇ.

ಮೊದಲು ಲಾಭದ ಮಾತು. ಮೊಬೈಲಿನಲ್ಲಿ ‘ಮನ’ ಎಂದು ಒತ್ತುತ್ತಿದ್ದಂತೆ ಮೇಲಿನ ಪಟ್ಟಿಯಲ್ಲಿ ಮನೆ, ಮನಸ್ಸು, ಮನವಿ ಎಂದೆಲ್ಲ ಸಲಹೆಗಳು ಬರುತ್ತವೆ. ಪೂರ್ತಿ ಪದ ಇನ್ನೂ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಅದರ ಮೊದಲ ತುಣುಕು ಮಾತ್ರ. ಒಂದು ಲಕ್ಷ ಪದಗಳ ಪಟ್ಟಿಯನ್ನು ತಲೆಯಿಂದ ಬುಡದವರೆಗೆ ಓದುತ್ತ ಕೂತರೆ ಪ್ರತಿ ಅಕ್ಷರಕ್ಕೂ ಲಕ್ಷ ಹೋಲಿಕೆ. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ, ನಡುವಿನ ಪದ ನೋಡಿ, ಅರ್ಧ ಬಿಟ್ಟು ಅರ್ಧದಲ್ಲಿ ಹುಡುಕಿದರೆ ಹದಿನೇಳು ಹೋಲಿಕೆ ಸಾಕು. ಟ್ರೈನಲ್ಲಿ ‘ಮನ’ ಹುಡುಕಲು ಎರಡೇ ಹೆಜ್ಜೆ. ನಿಘಂಟಿನಲ್ಲಿ ಐದು ಪದಗಳಿರಲಿ, ಐದು ಲಕ್ಷವಿರಲಿ, ಹೆಜ್ಜೆ ಎರಡೇ. ಹುಡುಕಾಟದ ಖರ್ಚು ನಿಘಂಟಿನ ಗಾತ್ರವನ್ನು ಅವಲಂಬಿಸದೆ ನೀವು ಒತ್ತಿದ ತುಣುಕಿನ ಉದ್ದವನ್ನಷ್ಟೇ ಅವಲಂಬಿಸುತ್ತದೆ.

ಈ ಉಪಾಯಕ್ಕೆ ವಯಸ್ಸಾಗಿದೆ. 1959ರಲ್ಲಿ ರೆನೆ ದ ಲ ಬ್ರಿಯಾಂಡೆ ಅಮೆರಿಕದ ಒಂದು ಕಂಪ್ಯೂಟರ್ ಸಮ್ಮೇಳನದಲ್ಲಿ ಇದನ್ನು ವಿವರಿಸಿದರು. ಮರುವರ್ಷ ಎಡ್ವರ್ಡ್ ಫ್ರೆಡ್ಕಿನ್ ಬೇರೆಯಾಗಿ ಬರೆದ ಲೇಖನದಿಂದ ಟ್ರೈ ಎಂಬ ಹೆಸರು ನಿಂತಿತು.

ರಚನೆ ಹೀಗಿದೆ. ಬುಡದಲ್ಲಿ ಒಂದು ಖಾಲಿ ನೋಡ್ ಇರುತ್ತದೆ, ಇದನ್ನು ರೂಟ್ ಎನ್ನುತ್ತಾರೆ. ನಮ್ಮ ಐದೂ ಪದಗಳು ‘ಮ’ದಿಂದ ಶುರುವಾಗುವುದರಿಂದ ರೂಟ್‌ನಿಂದ ಹೊರಡುವ ದಾರಿ ಒಂದೇ, ಅದು ‘ಮ’ ನೋಡ್‌ಗೆ ಹೋಗುತ್ತದೆ. ಅಲ್ಲಿ ದಾರಿ ಕವಲೊಡೆಯುತ್ತದೆ: ಒಂದು ‘ನ’ ಕಡೆಗೆ, ಇನ್ನೊಂದು ‘ಳ’ ಕಡೆಗೆ. ‘ನ’ ಆದ ಮೇಲೆ ಎತ್ವ, ಆಮೇಲೆ ‘ತ’, ಆಮೇಲೆ ಮತ್ತೆ ‘ನ’. ‘ಳ’ ಆದ ಮೇಲೆ ಎತ್ವ, ‘ಗ’, ದೀರ್ಘ, ‘ಲ’. ಎಣಿಸಿ ನೋಡಿ: ರೂಟ್ ಒಂದು, ‘ಮ’ ಒಂದು, ‘ನ’ ಕಡೆಯವು ನಾಲ್ಕು, ‘ಳ’ ಕಡೆಯವು ಐದು; ಒಟ್ಟು ಹನ್ನೊಂದು. ಗುಣಿತದ ಚಿಹ್ನೆಗಳನ್ನೂ ಬಿಡಿಯಾಗಿ ಎಣಿಸಿದರೆ ಐದು ಪದಗಳಲ್ಲಿ ಹತ್ತೊಂಬತ್ತು ಸಂಕೇತಗಳಿವೆ. ತಲೆಭಾಗ ಹಂಚಿಕೊಂಡಿದ್ದರಿಂದ ಹತ್ತೇ ಸಾಕಾದವು, ಹನ್ನೊಂದನೆಯದು ರೂಟ್.

ಯಾವ ನೋಡ್‌ನಲ್ಲೂ ಪದವೆಂಬುದು ಬರೆದಿರುವುದಿಲ್ಲ. ರೂಟ್‌ನಿಂದ ಅಲ್ಲಿಗೆ ಬಂದ ದಾರಿಯೇ ಪದ. ಹಾಗಾದರೆ ‘ಮನೆತ’ ಎಂಬಲ್ಲಿ ನಿಂತವನಿಗೆ ಅದು ಪದವಲ್ಲ, ‘ಮನೆ’ ಎಂಬಲ್ಲಿ ನಿಂತವನಿಗೆ ಅದು ಪದ ಎಂದು ತಿಳಿಯುವುದು ಹೇಗೆ? ಅದಕ್ಕಾಗಿ ಪ್ರತಿ ನೋಡ್‌ನಲ್ಲೂ ‘ಇಲ್ಲಿಗೆ ಒಂದು ಪದ ಮುಗಿಯುತ್ತದೆ’ ಎಂಬ ಗುರುತು ಬೇಕು. ನಮ್ಮ ಹನ್ನೊಂದರಲ್ಲಿ ಐದು ನೋಡ್‌ಗಳಿಗೆ ಆ ಗುರುತಿದೆ.

ಕನ್ನಡಕ್ಕೆ ಇದನ್ನು ಕಟ್ಟುವಾಗ ಒಂದು ಅನುಕೂಲವಿದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಸಾಲು U+0C80ಯಿಂದ U+0CFFವರೆಗೆ, ಅಂದರೆ 128 ಸ್ಥಾನ. ಸ್ವರ, ವ್ಯಂಜನ, ಗುಣಿತದ ಚಿಹ್ನೆ, ವಿರಾಮ, ಅಂಕಿ ಎಲ್ಲವೂ ಅದರೊಳಗೇ. ಆದ್ದರಿಂದ ಪ್ರತಿ ನೋಡ್‌ನಲ್ಲೂ 128 ಕಿಂಡಿಗಳ ಸಾಲೊಂದನ್ನು ಇಟ್ಟರಾಯಿತು. ‘ಮ’ದ ಸಂಖ್ಯೆ U+0CAE. ಅದರಿಂದ 0C80 ಕಳೆದರೆ 46, ಹಾಗಾಗಿ ಅದರ ಕಿಂಡಿ 46ನೆಯದು. ಸಿ ಭಾಷೆಯಲ್ಲಿ ಬರೆದರೆ:

```c
struct node {
    struct node *child[128];
    bool end;
};
```

ಕಿಂಡಿಯಲ್ಲಿರುವುದು ಪಾಯಿಂಟರ್, ಅಂದರೆ ಮುಂದಿನ ನೋಡ್ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸ. ಇಂದಿನ 64 ಬಿಟ್ ಕಂಪ್ಯೂಟರುಗಳಲ್ಲಿ ಒಂದು ವಿಳಾಸಕ್ಕೆ 8 ಬೈಟ್. 128 ಕಿಂಡಿಗೆ 1,024. ಪದ ಮುಗಿಯುವ ಗುರುತಿಗೆ ಒಂದು ಬೈಟ್ ಸಾಕಾದರೂ ಸಾಲು ಸರಿಹೊಂದಿಸಲು ಕಂಪೈಲರ್ ಅದನ್ನು 8ಕ್ಕೆ ಏರಿಸುತ್ತದೆ. ಹೀಗೆ ನೋಡೊಂದಕ್ಕೆ 1,032 ಬೈಟ್, ಹನ್ನೊಂದಕ್ಕೆ 11,352. ಈ ಹನ್ನೊಂದು ನೋಡ್‌ಗಳಲ್ಲಿ ಒಟ್ಟು 1,408 ಕಿಂಡಿಗಳಿವೆ, ತುಂಬಿರುವುದು ಹತ್ತೇ. ದುಂದೆಲ್ಲ ಖಾಲಿ ಕಿಂಡಿಗಳದ್ದು.

ಹೊಸ ಪದ ಸೇರಿಸುವುದೆಂದರೆ ದಾರಿ ಇರುವಷ್ಟು ನಡೆದು, ಇಲ್ಲದ ಕಡೆ ಹೊಸ ನೋಡ್ ಕೇಳಿ ಪಡೆದು ದಾರಿ ಮಾಡಿಕೊಳ್ಳುವುದು:

```c
bool insert(struct node *n, const uint32_t *w, size_t len)
{
    for (size_t i = 0; i < len; i++) {
        if (w[i] < 0x0C80 || w[i] > 0x0CFF)
            return false;
        uint32_t k = w[i] - 0x0C80;
        if (n->child[k] == NULL) {
            n->child[k] = calloc(1, sizeof *n);
            if (n->child[k] == NULL)
                return false;
        }
        n = n->child[k];
    }
    n->end = true;
    return true;
}
```

ಇಲ್ಲಿ ಮೂರು ಕಡೆ ನಿಂತು ನೋಡಬೇಕು. ಮೊದಲನೆಯದು `calloc`. ಮೆಮೊರಿ ಕೇಳುವುದಕ್ಕೆ `malloc` ಎಂಬುದೂ ಇದೆ, ಹೆಚ್ಚು ಪರಿಚಿತವಾದದ್ದೂ ಅದೇ. ಆದರೆ `malloc` ಕೊಡುವ ಜಾಗದಲ್ಲಿ ಹಿಂದೆ ಯಾರೋ ಬಳಸಿ ಬಿಟ್ಟ ಕಸ ಹಾಗೆಯೇ ಇರಬಹುದು. `calloc` ಪೂರ್ತಿ ಸೊನ್ನೆ ಮಾಡಿ ಕೊಡುತ್ತದೆ. ನಮಗೆ ಸೊನ್ನೆಯೇ ಬೇಕು, ಯಾಕೆಂದರೆ ಇವತ್ತಿನ ಸಾಮಾನ್ಯ ಕಂಪ್ಯೂಟರುಗಳಲ್ಲೆಲ್ಲ ಸೊನ್ನೆ ಎಂದರೆ `NULL`, ಅಂದರೆ ‘ಈ ಕಿಂಡಿ ಖಾಲಿ’. `malloc` ಬಳಸಿ ಸೊನ್ನೆ ತುಂಬಲು ಮರೆತರೆ ಕಸವೇ ವಿಳಾಸದಂತೆ ಕಾಣುತ್ತದೆ, ಪ್ರೋಗ್ರಾಂ ಆ ಸುಳ್ಳು ವಿಳಾಸಕ್ಕೆ ಹೋಗಿ ಬೀಳುತ್ತದೆ. ಇದರ ಕಾಟವೇನೆಂದರೆ ಮೊದಮೊದಲು ಸರಿಯಾಗಿಯೇ ಓಡುತ್ತದೆ. ಆಗ ತಾನೆ ಶುರುವಾದ ಪ್ರೋಗ್ರಾಂಗೆ ಆಪರೇಟಿಂಗ್ ಸಿಸ್ಟಂ ಕೊಡುವ ಹೊಸ ಮೆಮೊರಿ ಸೊನ್ನೆಯಾಗಿಯೇ ಇರುತ್ತದೆ. ಒಮ್ಮೆ ಬಳಸಿ ಬಿಟ್ಟ ಜಾಗ ಮತ್ತೆ ಕೈಗೆ ಬಂದಾಗಲೇ ತಪ್ಪು ಬಯಲಾಗುವುದು.

ಎರಡನೆಯದು `sizeof *n` ಎಂಬಲ್ಲಿನ ನಕ್ಷತ್ರ. ಅದಿದ್ದರೆ ನೋಡ್‌ನ ಗಾತ್ರ, 1,032. ಬಿಟ್ಟರೆ ಪಾಯಿಂಟರಿನ ಗಾತ್ರ, ಬರೀ 8. ಕಂಪೈಲರ್ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಎಂಟು ಬೈಟಿನ ಜಾಗದಲ್ಲಿ 46ನೆಯ ಕಿಂಡಿಗೆ ಬರೆದಾಗ ಅದು ಪಕ್ಕದವರ ಮೆಮೊರಿಯ ಮೇಲೆ ಬೀಳುತ್ತದೆ. ಕಂಪೈಲ್ ಮಾಡುವಾಗ `-g -fsanitize=address` ಎಂದು ಸೇರಿಸಿದ್ದರೆ ಇಂಥ ಜಾಗದಲ್ಲಿ `heap-buffer-overflow` ಎಂದು ಸಾಲಿನ ಸಂಖ್ಯೆಯ ಸಮೇತ ಹೇಳಿ ನಿಲ್ಲುತ್ತದೆ.

ಮೂರನೆಯದು ಕನ್ನಡದ್ದೇ ತೊಂದರೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಆದ ಮೇಲೆ ‘ವೇ’ ಒತ್ತಕ್ಷರವಾಗದೆ ಪೂರ್ತಿಯಾಗಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು. ಅದರ ಸಂಖ್ಯೆ U+200C, ಕನ್ನಡದ 128 ಸ್ಥಾನಗಳಿಂದ ಬಹಳ ಹೊರಗೆ. ಮೊದಲೇ ತಡೆಯುವ ಸಾಲು ಇಲ್ಲದಿದ್ದರೆ 0C80 ಕಳೆದಾಗ ಬರುವುದು 5004. ಇರುವುದು 128 ಕಿಂಡಿ, ಕೇಳುತ್ತಿರುವುದು 5004ನೆಯದು! ಕನ್ನಡದ ಪತ್ರಿಕೆಗಳಲ್ಲಿ ಇಂಥ ಪದಗಳು ಪುಟಪುಟಕ್ಕೂ ಸಿಗುತ್ತವೆ. ಮೇಲಿನ ಕೋಡ್ ಅಂಥ ಪದವನ್ನು ಸೇರಿಸದೆ ವಾಪಸು ಕಳಿಸುತ್ತದೆ. ನಿಜವಾದ ನಿಘಂಟಿನಲ್ಲಿ ಆ ಸಂಕೇತಕ್ಕೂ ಒಂದು ಹೆಚ್ಚುವರಿ ಕಿಂಡಿ ಕೊಡುವುದು ವಾಸಿ. ಇನ್ನೊಂದು ಸಂಗತಿಯೂ ಇದೆ: ‘ಕೇ’ಯ ಏತ್ವವನ್ನು U+0CC7 ಎಂದು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಟ್ರೈನಲ್ಲಿ ಎರಡು ಬೇರೆ ದಾರಿ. ಸೇರಿಸುವ ಮೊದಲೂ ಹುಡುಕುವ ಮೊದಲೂ ಪದವನ್ನು ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ ಇರುವ ಪದವೇ ಸಿಗುವುದಿಲ್ಲ.

ಅರ್ಧ ಪದ ಸೇರಿಸಿದಾಗ ಮೆಮೊರಿ ಮುಗಿದರೆ? ಆಗ ‘ಮಳೆಗಾ’ವರೆಗೆ ನೋಡ್‌ಗಳಿದ್ದು ‘ಲ’ ಇಲ್ಲದಿರಬಹುದು. ಅದರಿಂದ ಕೆಡುವುದೇನೂ ಇಲ್ಲ. ಗುರುತು ಹಾಕುವುದು ಕೊನೆಯ ನೋಡ್ ಸಿಕ್ಕಿದ ಮೇಲೆಯೇ ಆದ್ದರಿಂದ ಅರ್ಧ ದಾರಿ ಪದವಾಗಿ ತೋರುವುದಿಲ್ಲ. ಆ ನೋಡ್‌ಗಳು ಮರಕ್ಕೆ ಅಂಟಿಕೊಂಡೇ ಇರುವುದರಿಂದ ಮುಂದೆ ಮರ ಕಳಚುವಾಗ ಅವೂ ಹೋಗುತ್ತವೆ.

ಹುಡುಕುವುದು ಇದಕ್ಕಿಂತ ಸುಲಭ. ‘ಮನ’ ಎಂದರೆ ರೂಟ್‌ನಿಂದ ‘ಮ’ಕ್ಕೆ, ಅಲ್ಲಿಂದ ‘ನ’ಕ್ಕೆ. ನಡುವೆ ಖಾಲಿ ಕಿಂಡಿ ಸಿಕ್ಕರೆ ಆ ತುಣುಕಿನಿಂದ ಶುರುವಾಗುವ ಪದವೇ ಇಲ್ಲ ಎಂದರ್ಥ. ಸಿಕ್ಕರೆ, ಆ ನೋಡ್‌ನ ಕೆಳಗಿರುವುದೆಲ್ಲ ಉತ್ತರ. ಪ್ರತಿ ಕಿಂಡಿಯನ್ನೂ ಇಣುಕುತ್ತ ಇಳಿದು, ಗುರುತಿರುವಲ್ಲೆಲ್ಲ ಪದ ಎತ್ತಿಕೊಳ್ಳಬೇಕು. ನಮ್ಮ ಮರದಲ್ಲಿ ಮನ, ಮನೆ, ಮನೆತನ ಸಿಗುತ್ತವೆ. ಇಳಿಯುವ ಹೆಜ್ಜೆ ಎರಡೇ ಆದರೂ ಕೆಳಗಿನದ್ದನ್ನೆಲ್ಲ ಎತ್ತುವ ಖರ್ಚು ಬೇರೆ ಎಂಬುದನ್ನು ಮರೆಯಬಾರದು. ಬರೀ ‘ಮ’ ಒತ್ತಿದವನಿಗಾಗಿ ಸಾವಿರಾರು ಪದ ಎತ್ತುವುದು ವ್ಯರ್ಥ, ತೋರಿಸುವುದು ಮೂರನ್ನೇ. ಅದಕ್ಕಾಗಿ ಪದ ಮುಗಿಯುವಲ್ಲಿ ಅದರ ಬಳಕೆಯ ಪ್ರಮಾಣವನ್ನೂ, ಮೇಲಿನ ನೋಡ್‌ಗಳಲ್ಲಿ ತನ್ನ ಕೆಳಗಿನ ಅತಿ ಹೆಚ್ಚಿನ ಪ್ರಮಾಣವನ್ನೂ ಬರೆದಿಡುವ ರೂಢಿಯಿದೆ. ಕಿಂಡಿಗಳ ಕ್ರಮದಲ್ಲೇ ಎತ್ತಿದರೆ ಪದಗಳು ಬಹುಮಟ್ಟಿಗೆ ಅಕಾರಾದಿಯಲ್ಲೇ ಬರುತ್ತವೆ, ಪೂರ್ತಿಯಾಗಿ ಅಲ್ಲ: ಯುನಿಕೋಡ್ ‘ಳ’ವನ್ನು ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲು ಕೂರಿಸಿದೆ. ನಮ್ಮ ವರ್ಣಮಾಲೆ ಕಲಿತವರಿಗೆ ಇದು ಸ್ವಲ್ಪ ಕಸಿವಿಸಿಯೇ.

ಈಗ ಮರಳಿಸುವ ಕೆಲಸ. ಸಿ ಭಾಷೆಯಲ್ಲಿ ಕೇಳಿ ಪಡೆದ ಪ್ರತಿ ತುಂಡನ್ನೂ `free` ಎಂದು ಹೇಳಿ ನಾವೇ ಹಿಂದಿರುಗಿಸಬೇಕು. ಪ್ರೋಗ್ರಾಂ ಮುಗಿದ ಮೇಲೆ ಆಪರೇಟಿಂಗ್ ಸಿಸ್ಟಂ ಎಲ್ಲವನ್ನೂ ತಾನೇ ಹಿಂತೆಗೆದುಕೊಳ್ಳುತ್ತದೆ, ಆದ್ದರಿಂದ ಒಂದು ಸಲ ಓಡಿ ನಿಲ್ಲುವ ಪ್ರೋಗ್ರಾಂಗೆ ಇದು ದೊಡ್ಡ ವಿಷಯವಲ್ಲ. ತಿಂಗಳುಗಟ್ಟಲೆ ಓಡುತ್ತಲೇ ಇದ್ದು, ನಿಘಂಟು ಬದಲಾದಾಗಲೆಲ್ಲ ಹಳೆಯ ಟ್ರೈ ಬಿಟ್ಟು ಹೊಸದನ್ನು ಕಟ್ಟುವ ಪ್ರೋಗ್ರಾಂ ಆದರೆ ಪ್ರತಿ ಸಲವೂ ಒಂದು ಪೂರ್ತಿ ಮರದಷ್ಟು ಮೆಮೊರಿ ಸೋರಿಹೋಗುತ್ತದೆ.

`free(root)` ಎಂದು ಒಂದೇ ಸಲ ಹೇಳಿದರೆ ಮರವೆಲ್ಲ ಹೋಗುತ್ತದೆ ಎಂದುಕೊಳ್ಳುವವರು ಬಹಳ. ಹೋಗುವುದು ರೂಟ್ ಒಂದೇ. `free`ಗೆ ಗೊತ್ತಿರುವುದು ತಾನು ಕೊಟ್ಟ 1,032 ಬೈಟಿನ ತುಂಡು ಮಾತ್ರ. ಅದರೊಳಗೆ ಬೇರೆ ತುಂಡುಗಳ ವಿಳಾಸ ಇದೆಯೆಂಬುದು ಅದಕ್ಕೆ ತಿಳಿಯದು. ನಮ್ಮ ಐದು ಪದಗಳ ಮರವನ್ನು ಹೀಗೆ ಬಿಟ್ಟು ವ್ಯಾಲ್‌ಗ್ರಿಂಡ್ ಎಂಬ ತಪಾಸಣೆಯ ಸಾಧನದಡಿ ಓಡಿಸಿದರೆ ಬರುವ ಲೆಕ್ಕ ಇದು:

```
definitely lost: 1,032 bytes in 1 blocks
indirectly lost: 9,288 bytes in 9 blocks
```

ಮೊದಲ ಸಾಲಿನದು ‘ಮ’ ನೋಡ್. ಅದರ ವಿಳಾಸ ರೂಟ್‌ನಲ್ಲಿ ಮಾತ್ರ ಇತ್ತು, ರೂಟ್ ಹೋದದ್ದರಿಂದ ಅದನ್ನು ತಲುಪುವ ದಾರಿಯೇ ಇಲ್ಲ. ಎರಡನೆಯ ಸಾಲಿನ ಒಂಬತ್ತು ‘ಮ’ದ ಕೆಳಗಿನವು, ‘ಮ’ ಕಳೆದುಹೋದ ಕಾರಣಕ್ಕೇ ಕಳೆದುಹೋದವು. ಹೀಗೆ ಒಂದು ಸಣ್ಣ ಅಂಕಿ, ಅದರ ಬೆನ್ನಿಗೆ ಒಂದು ದೊಡ್ಡ ಅಂಕಿ ಕಂಡರೆ, ಮರದ ಬುಡ ಮಾತ್ರ ಕಿತ್ತು ಉಳಿದದ್ದನ್ನು ಬಿಟ್ಟಿದ್ದಾರೆ ಎಂದು ತಿಳಿಯಬಹುದು.

ಸರಿಯಾದ ಕ್ರಮ ಇದು:

```c
void free_trie(struct node *n)
{
    if (n == NULL)
        return;
    for (int k = 0; k < 128; k++)
        free_trie(n->child[k]);
    free(n);
}
```

ಫಂಕ್ಷನ್ ತನ್ನನ್ನೇ ಕರೆದುಕೊಳ್ಳುತ್ತದೆ, ಇದನ್ನೇ ರಿಕರ್ಷನ್ ಎನ್ನುವುದು. ಇಂಥ ನೋಡ್‌ಗೆ ಬಂದರೆ ಮೊದಲು ಅದರ ಮಕ್ಕಳನ್ನೆಲ್ಲ ಮುಗಿಸು, ಆಮೇಲೆ ಅದನ್ನು. ಪ್ರತಿ ಮಗುವಿಗೂ ಇದೇ ನಿಯಮ. ನಮ್ಮ ಮರದಲ್ಲಿ ಏನಾಗುತ್ತದೆಂದು ಹೆಜ್ಜೆ ಹೆಜ್ಜೆಗೆ ನೋಡೋಣ. ರೂಟ್‌ನಿಂದ ‘ಮ’, ಅಲ್ಲಿಂದ ಮೊದಲು ಸಿಗುವ ಕಿಂಡಿ ‘ನ’, ಆಮೇಲೆ ಎತ್ವ, ‘ತ’, ‘ನ’. ಈ ಕೊನೆಯ ‘ನ’ದ 128 ಕಿಂಡಿಗಳೂ ಖಾಲಿ, ಆದ್ದರಿಂದ ಮೊದಲು ಹೋಗುವುದು ಅದೇ. ಹಿಂದಕ್ಕೆ ಬಂದು ‘ತ’, ಎತ್ವ, ‘ನ’ ಹೋಗುತ್ತವೆ. ‘ಮ’ ಇನ್ನೂ ಹೋಗಿಲ್ಲ, ಅದರ ‘ಳ’ ಕಿಂಡಿ ಬಾಕಿಯಿದೆ. ಆ ಕಡೆ ತುದಿಯವರೆಗೆ ಇಳಿದು ಲ, ದೀರ್ಘ, ಗ, ಎತ್ವ, ಳ ಈ ಕ್ರಮದಲ್ಲಿ ಬಿಡುಗಡೆ. ಆಮೇಲೆ ‘ಮ’, ಕಟ್ಟಕಡೆಗೆ ರೂಟ್. ಹನ್ನೊಂದು ಸಲ ಪಡೆದದ್ದು, ಹನ್ನೊಂದು ಸಲ ಮರಳಿಸಿದ್ದು. ಫಂಕ್ಷನ್ ಮಾತ್ರ 1,409 ಸಲ ಕರೆಯಲ್ಪಡುತ್ತದೆ. ಅದರಲ್ಲಿ 1,398 ಕರೆಗಳು ಖಾಲಿ ಕಿಂಡಿ ಕಂಡು ತಕ್ಷಣ ಹಿಂದಿರುಗುವವು.

ಕ್ರಮ ತಿರುಗಿಸಿ `free(n)` ಅನ್ನು ಮೊದಲು ಬರೆದರೆ ಅದು ತಾನು ಕೂತ ಕೊಂಬೆಯನ್ನೇ ಕಡಿದಂತೆ: ಮಕ್ಕಳ ವಿಳಾಸಗಳಿದ್ದದ್ದು ಆ ನೋಡ್‌ನಲ್ಲೇ, ಅದನ್ನೀಗ ಬಿಟ್ಟುಕೊಟ್ಟಾಗಿದೆ. ಕೆಲವೊಮ್ಮೆ ಹಳೆಯ ವಿಳಾಸಗಳು ಇನ್ನೂ ಅಳಿಸಿರುವುದಿಲ್ಲವಾದ್ದರಿಂದ ಪ್ರೋಗ್ರಾಂ ಸರಿಯಾಗಿಯೇ ಮುಗಿದು ಬರೆದವನಿಗೆ ಧೈರ್ಯ ಕೊಡುತ್ತದೆ. ಆ ಧೈರ್ಯವನ್ನು ನಂಬಬಾರದು. ವ್ಯಾಲ್‌ಗ್ರಿಂಡ್ ಇದನ್ನು `Invalid read of size 8` ಎಂದು ಹಿಡಿಯುತ್ತದೆ. ಆ 8 ಎಂದರೆ ಒಂದು ವಿಳಾಸದ ಅಳತೆ, ಓದಿದ್ದು ಕಿಂಡಿಯನ್ನೇ ಎಂಬ ಸುಳಿವು.

ತನ್ನನ್ನೇ ಕರೆಯುವ ಫಂಕ್ಷನ್ ಆಳಕ್ಕೆ ಇಳಿದಷ್ಟೂ ಸ್ಟ್ಯಾಕ್ ಎಂಬ ಮಿತವಾದ ಜಾಗವನ್ನು ತಿನ್ನುತ್ತದೆ. ಹತ್ತು ಲಕ್ಷ ಕೊಂಡಿಗಳ ಉದ್ದ ಸರಪಳಿಯನ್ನು ಹೀಗೆ ಕಳಚಹೊರಟರೆ ಅದು ಉಕ್ಕಿ ಪ್ರೋಗ್ರಾಂ ಸಾಯಬಹುದು. ಟ್ರೈನಲ್ಲಿ ಆ ಭಯ ಕಡಿಮೆ, ಆಳವೆಂದರೆ ಅತಿ ಉದ್ದದ ಪದದ ಉದ್ದವಷ್ಟೇ. ‘ಮಳೆಗಾಲ’ಕ್ಕೆ ಏಳು ನೋಡ್‌ಗಳ ಆಳ. ಪದದ ಉದ್ದಕ್ಕೆ ಒಂದು ಮಿತಿ ಹಾಕಿದರೆ ಸಾಕು. ಇಲ್ಲದಿದ್ದರೆ ಪದಗಳ ನಡುವಿನ ಅಂತರವೆಲ್ಲ ಅಳಿಸಿಹೋದ ಕೆಟ್ಟ ಕಡತವೊಂದು ಬಂದು, ಇಡೀ ಕಡತವೇ ಒಂದು ಪದವಾಗಿ ಕೂತುಬಿಡುತ್ತದೆ.

ಒಂದೇ ಪದ ಅಳಿಸಬೇಕಾದರೆ? ‘ಮನ’ ಅಳಿಸಲು ಅದರ ನೋಡ್‌ನ ಗುರುತು ತೆಗೆದರಾಯಿತು, ನೋಡ್ ಉಳಿಯಲೇಬೇಕು, ಮನೆಗೆ ಹೋಗುವ ದಾರಿ ಅದೇ. ‘ಮಳೆಗಾಲ’ ಅಳಿಸುವಾಗ ತುದಿಯಿಂದ ಹಿಂದಕ್ಕೆ ಬರುತ್ತ ಮಕ್ಕಳೂ ಇಲ್ಲದ, ಗುರುತೂ ಇಲ್ಲದ ನೋಡ್‌ಗಳನ್ನು ಬಿಡಬೇಕು: ಲ, ದೀರ್ಘ, ಗ. ಎತ್ವದ ಬಳಿ ನಿಲ್ಲಬೇಕು, ಅಲ್ಲಿ ‘ಮಳೆ’ ಮುಗಿಯುತ್ತದೆ. ನಿಂತ ಮೇಲೆ ಅಲ್ಲಿನ ‘ಗ’ ಕಿಂಡಿಯನ್ನು `NULL` ಮಾಡುವುದನ್ನು ಮರೆತರೆ ಮುಂದಿನ ಹುಡುಕಾಟ ಬಿಟ್ಟುಕೊಟ್ಟ ಜಾಗಕ್ಕೇ ಹೋಗುತ್ತದೆ.

ಖಾಲಿ ಕಿಂಡಿಗಳ ದುಂದು ತಪ್ಪಿಸಲು ಬ್ರಿಯಾಂಡೆಯವರ ಹಳೆಯ ದಾರಿಯೇ ಇದೆ. ನೋಡ್‌ನಲ್ಲಿ ಕಿಂಡಿಗಳ ಸಾಲಿನ ಬದಲು ತನ್ನ ಅಕ್ಷರ, ಮೊದಲ ಮಗುವಿನ ವಿಳಾಸ, ಪಕ್ಕದ ಸೋದರನ ವಿಳಾಸ ಇಷ್ಟೇ ಇಡುವುದು. ಆಗ ನೋಡೊಂದಕ್ಕೆ 24 ಬೈಟ್, ನಮ್ಮ ಐದು ಪದಗಳಿಗೆ 264. ಬದಲಿಗೆ ಪ್ರತಿ ಹೆಜ್ಜೆಯಲ್ಲೂ ಸೋದರರ ಸಾಲನ್ನು ಒಬ್ಬೊಬ್ಬರಾಗಿ ಕೇಳುತ್ತ ಹೋಗಬೇಕು. ಕನ್ನಡದಲ್ಲಿ ಒಂದು ನೋಡ್‌ಗೆ ಮಕ್ಕಳು ಬುಡದ ಕಡೆ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ಆದ್ದರಿಂದ ಇದು ಒಳ್ಳೆಯ ವ್ಯಾಪಾರ ಎನ್ನುವುದು ನನ್ನ ಮತ. ನಿಘಂಟು ಬದಲಾಗುವುದೇ ಇಲ್ಲವೆಂದಾದರೆ ಟ್ರೈಯನ್ನೇ ಬಿಟ್ಟು ಅಕಾರಾದಿ ಪಟ್ಟಿಯಲ್ಲಿ ಹದಿನೇಳು ಹೋಲಿಕೆ ಮಾಡಿದರೂ ನಷ್ಟವಿಲ್ಲ.

ಇನ್ನೂ ಉಳಿಸುವ ಆಸೆ ಕನ್ನಡದಲ್ಲಿ ಬೇಗ ಹುಟ್ಟುತ್ತದೆ. ಮನೆಗಳಲ್ಲಿ, ಮರಗಳಲ್ಲಿ, ಊರುಗಳಲ್ಲಿ ಎಂದು ನಾವು ಪ್ರತ್ಯಯ ಹಚ್ಚುತ್ತ ಹೋಗುತ್ತೇವೆ. ಸಾವಿರಾರು ಪದಗಳಿಗೆ ಬಾಲ ಒಂದೇ. ‘ಗಳಲ್ಲಿ’ಯ ಆರು ನೋಡ್‌ಗಳನ್ನು ಒಂದೇ ಸಲ ಮಾಡಿ ಎಲ್ಲರೂ ಅಲ್ಲಿಗೇ ಕೈ ತೋರಿಸಿದರೆ? ಹೀಗೆ ಮಾಡುವ ರಚನೆಗಳಿವೆ, ಮೆಮೊರಿಯೂ ಬಹಳ ಉಳಿಯುತ್ತದೆ. ಆದರೆ ಆಗ ಮೇಲಿನ `free_trie` ಕೆಡುತ್ತದೆ. ಅದು ಸರಿಯಾಗಿ ನಡೆಯುತ್ತಿದ್ದುದೇ ಪ್ರತಿ ನೋಡ್‌ಗೂ ಒಬ್ಬರೇ ತಂದೆ ಎಂಬ ಆಧಾರದ ಮೇಲೆ. ಈಗ ‘ಊರು’ವಿನ ಕಡೆಯಿಂದ ಬಂದು ಬಾಲವನ್ನು ಬಿಡುಗಡೆ ಮಾಡುತ್ತದೆ, ಆಮೇಲೆ ‘ಮನೆ’ಯ ಕಡೆಯಿಂದ ಬಂದು ಅದನ್ನೇ ಮತ್ತೆ ಬಿಡಲು ಹೊರಡುತ್ತದೆ. ಲಿನಕ್ಸ್‌ನಲ್ಲಿ ಪ್ರೋಗ್ರಾಂ ಸುಳ್ಳು ವಿಳಾಸಕ್ಕೆ ಹೋಗಿ ಬೀಳಬಹುದು, ಇಲ್ಲವೇ `free(): double free detected in tcache 2` ಎಂದು ಹೇಳಿ ನಿಲ್ಲಬಹುದು. ಹಂಚಿಕೊಂಡ ಬಾಲಕ್ಕೆ ಹೊಸದೇನನ್ನೂ ಸೇರಿಸುವಂತೆಯೂ ಇಲ್ಲ. ‘ಮನೆಗಳಲ್ಲಿಯೂ’ ಎಂದು ಒಂದಕ್ಕೆ ಸೇರಿಸಿದರೆ ಎಲ್ಲಕ್ಕೂ ಸೇರುತ್ತದೆ.

ಅಂಥಲ್ಲಿ ನೋಡ್‌ಗಳನ್ನು ಒಂದೊಂದಾಗಿ ಕೇಳದೆ ದೊಡ್ಡ ಸಾಲೊಂದನ್ನು ಒಮ್ಮೆಗೇ ಪಡೆದು, ವಿಳಾಸದ ಬದಲು ಸಾಲಿನಲ್ಲಿನ ಕ್ರಮಸಂಖ್ಯೆಯನ್ನು ಕಿಂಡಿಯಲ್ಲಿ ಬರೆಯುತ್ತಾರೆ. ಸಂಖ್ಯೆಗೆ 8ರ ಬದಲು 4 ಬೈಟ್ ಸಾಕು. ಸಾಲು ತುಂಬಿ, `realloc` ಅದನ್ನು ದೊಡ್ಡದು ಮಾಡಿ ಬೇರೆ ಕಡೆಗೆ ಸಾಗಿಸಿದರೂ ಸಂಖ್ಯೆಗಳು ಕೆಡುವುದಿಲ್ಲ. ವಿಳಾಸಗಳಾಗಿದ್ದರೆ ಎಲ್ಲವೂ ಸುಳ್ಳಾಗುತ್ತಿದ್ದವು. ಮರಳಿಸುವಾಗ ಯಾರ ಮಗು ಯಾರೆಂದು ನೋಡುವ ಅಗತ್ಯವೇ ಇಲ್ಲ, ಸಾಲಿಗೆ ಒಂದು `free` ಸಾಕು. ಅಳಿಸಿದ ಪದದ ನೋಡ್‌ಗಳನ್ನು ಮಾತ್ರ ಬಿಡಿಬಿಡಿಯಾಗಿ ಹಿಂದಿರುಗಿಸಲಾಗದು. ಖಾಲಿಯಾದ ಸಂಖ್ಯೆಗಳನ್ನು ಒಂದು ಪಟ್ಟಿಯಲ್ಲಿ ಗುರುತಿಟ್ಟು ಮುಂದಿನ ಪದಕ್ಕೆ ಬಳಸಬೇಕು. ನಿಘಂಟನ್ನು ಒಮ್ಮೆ ಓದಿ ದಿನವಿಡೀ ಹುಡುಕುವ ಪ್ರೋಗ್ರಾಂಗೆ ಈ ಸಾಲು ಹೊಂದುತ್ತದೆ. ಬಳಕೆದಾರ ತನ್ನವೇ ಪದಗಳನ್ನು ಸೇರಿಸುತ್ತ, ಬೇಡವಾದವನ್ನು ಅಳಿಸುತ್ತ ಇರುವ ಸಣ್ಣ ಪಟ್ಟಿಗೆ ಒಬ್ಬ ತಂದೆಯ ಮರ ಮತ್ತು ಅದನ್ನು ತುದಿಯಿಂದ ಕಳಚುವ ಆ ಏಳೆಂಟು ಸಾಲಿನ ಫಂಕ್ಷನ್ನೇ ಸಾಕು.